ಮಂದ ಸೀಸನ್ನಿಗೆ ತಕ್ಕಂತೆ ಕಂತು ಬದಲಿಸಿಕೊಡಿ ಎಂದು ಬ್ಯಾಂಕಿಗೆ ಬರೆಯುವುದು ಹೇಗೆ?

ಕಂತು ಬದಲಿಸಿಕೊಡಿ ಎಂದು ಬ್ಯಾಂಕಿಗೆ ಬರೆಯಲು ಕೂತವರು ಸಾಮಾನ್ಯವಾಗಿ ಕಷ್ಟದ ಕಥೆಯಿಂದಲೇ ಶುರು ಮಾಡುತ್ತಾರೆ. ಓದಿ ಮ್ಯಾನೇಜರ್ ಮನಸ್ಸು ಕರಗಬಹುದು, ಆದರೆ ಇಂಥ ಅರ್ಜಿಗೆ ಮಂಜೂರಾತಿ ಕೊಡುವ ಅಧಿಕಾರ ಎಷ್ಟೋ ಸಲ ಅವರ ಕೈಯಲ್ಲಿರುವುದಿಲ್ಲ. ಪತ್ರ ಮೇಲಿನ ಕಚೇರಿಗೆ ಹೋಗುತ್ತದೆ. ನಿಮ್ಮ ಮುಖವನ್ನೇ ನೋಡಿರದ ಒಬ್ಬರು ಆ ಒಂದು ಹಾಳೆ ಓದಿ ತೀರ್ಮಾನಿಸುತ್ತಾರೆ. ಹಾಗಾಗಿ ಅವರಿಗೆ ಬೇಕಾದ ಲೆಕ್ಕ ಆ ಹಾಳೆಯಲ್ಲೇ ಇರಬೇಕು.

ಮೊದಲು ತಾರೀಕು ನೋಡಿ

ಕಂತು ತಪ್ಪುವ ಮೊದಲೇ ಬರೆಯುವುದು ಒಳ್ಳೆಯದು. ಬಾಕಿ 90 ದಿನ ದಾಟಿದರೆ ಅದನ್ನು ವಸೂಲಾಗದ ಸಾಲ ಎಂದು ಪರಿಗಣಿಸುವುದು ಬಹುತೇಕ ಬ್ಯಾಂಕುಗಳ ನಿಯಮ. ಅಲ್ಲಿಗೆ ಹೋದ ಮೇಲೆ ಮಾತುಕತೆ ಮರುಹೊಂದಾಣಿಕೆಯಿಂದ ವಸೂಲಿಯ ಕಡೆಗೆ ತಿರುಗುತ್ತದೆ. ಒಂದು ಕಂತು ಈಗಾಗಲೇ ತಪ್ಪಿದ್ದರೆ ಅದನ್ನು ಮುಚ್ಚಿಡಬೇಡಿ. ಅವರ ಪರದೆಯ ಮೇಲೆ ಅದು ಕಾಣುತ್ತಲೇ ಇರುತ್ತದೆ.

ಏನು ಕೇಳಬೇಕು?

ಹೆಚ್ಚಿನವರು ಎಡವುವುದು ಇಲ್ಲಿ. 'ಅವಧಿ ವಿಸ್ತರಿಸಿ' ಎಂದು ಬರೆದುಬಿಡುತ್ತಾರೆ. ಪ್ರವಾಸಿಗರಿಗೆ ವ್ಯಾನ್ ಬಾಡಿಗೆಗೆ ಓಡಿಸುವವರೊಬ್ಬರು ಇದ್ದಾರೆ ಎಂದುಕೊಳ್ಳೋಣ. ಅವರ ಅಸಲು ಬಾಕಿ 6 ಲಕ್ಷ, ಬಡ್ಡಿ ವರ್ಷಕ್ಕೆ ಶೇ 12, ಉಳಿದಿರುವುದು 24 ಕಂತು. ಕಂತು ಸುಮಾರು 28,250. ಡೀಸೆಲ್, ರಿಪೇರಿ, ಮನೆಖರ್ಚು ಎಲ್ಲ ಕಳೆದು ಎಂಟು ತಿಂಗಳು ತಲಾ ಸುಮಾರು 45 ಸಾವಿರ ಉಳಿಯುತ್ತದೆ. ಉಳಿದ ನಾಲ್ಕು ತಿಂಗಳು ಗಾಡಿ ಶೆಡ್ಡಿನಲ್ಲೇ ನಿಲ್ಲುವುದು ಜಾಸ್ತಿ, ಕೈಗೆ ಸಿಗುವುದು ತಿಂಗಳಿಗೆ 12 ಸಾವಿರ.

ಅವಧಿಯನ್ನು 36 ತಿಂಗಳಿಗೆ ಎಳೆದರೆ ಕಂತು 19,930ಕ್ಕೆ ಇಳಿಯುತ್ತದೆ. ಮಂದ ತಿಂಗಳಿಗೆ ಅದೂ ಭಾರವೇ. ಮೇಲಾಗಿ ಒಟ್ಟು ಬಡ್ಡಿ ಹತ್ತಿರಹತ್ತಿರ 39,600 ಹೆಚ್ಚಾಗುತ್ತದೆ. ಅದರ ಬದಲು ಅವಧಿಯನ್ನು ಮುಟ್ಟದೆ, ಪ್ರತಿ ವರ್ಷ ಮೊದಲು ಬರುವ ನಾಲ್ಕು ಮಂದ ತಿಂಗಳು 10,000, ಆಮೇಲಿನ ಎಂಟು ತಿಂಗಳು ಸುಮಾರು 37,925 ಎಂದು ಕೇಳಿದರೆ? ಸಾಲ ಮೊದಲಿನ ತಾರೀಕಿಗೇ ತೀರುತ್ತದೆ, ಹೆಚ್ಚುವರಿ ಬಡ್ಡಿ 9,000ದ ಆಸುಪಾಸು. ತಿಂಗಳ ಬಡ್ಡಿ ಮೊದಲಿಗೆ 6,000 ಇರುವುದರಿಂದ 10,000 ಕಟ್ಟಿದಾಗಲೂ ಅಸಲು ಸ್ವಲ್ಪ ಇಳಿಯುತ್ತದೆ. ಮೇಲಿನ ಕಚೇರಿಯವರು ಮೊದಲು ನೋಡುವುದು ಅದನ್ನೇ.

ಆದರೆ ಇದು ಪ್ರತಿ ವರ್ಷ ಬರುವ ಮಂದ ಸೀಸನ್ನಿಗೆ ಮಾತ್ರ ಒಪ್ಪುವ ಲೆಕ್ಕ. ಗಿರಾಕಿಗಳೇ ಬೇರೆ ಕಡೆ ಹೋಗಿದ್ದರೆ ಎಂಟು ತಿಂಗಳ ದೊಡ್ಡ ಕಂತು ಕುತ್ತಿಗೆಗೆ ಬರುತ್ತದೆ. ಎರಡು ವರ್ಷದ ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿ. ಅದೇ ತಿಂಗಳುಗಳಲ್ಲಿ ಜಮೆ ಕುಸಿದು, ಮತ್ತೆ ಅದೇ ತಿಂಗಳಲ್ಲಿ ಏರಿದ್ದರೆ ಮಾತ್ರ ಅದು ಸೀಸನ್.

ಪತ್ರ

ಒಂದು ಪುಟ ಸಾಕು. ವಿಷಯದ ಸಾಲಿನಲ್ಲೇ ಸಾಲ ಖಾತೆಯ ಸಂಖ್ಯೆ ಇರಲಿ. ಒಡಲು ಹೀಗಿರಬಹುದು:

"ಮಾನ್ಯರೇ, ಮೇಲ್ಕಂಡ ಖಾತೆಯಲ್ಲಿ ಇದುವರೆಗೆ ಎಲ್ಲ ಕಂತುಗಳನ್ನೂ ಗಡುವಿನೊಳಗೆ ಕಟ್ಟಿದ್ದೇನೆ. ನನ್ನ ವ್ಯಾನ್ ಬಾಡಿಗೆಯ ಆದಾಯ ವರ್ಷದಲ್ಲಿ ನಾಲ್ಕು ತಿಂಗಳು ಕುಗ್ಗುತ್ತದೆ. ಕಳೆದ ಎರಡು ವರ್ಷದ ಖಾತೆ ವಿವರ ಲಗತ್ತಿಸಿದ್ದೇನೆ. ಈ ತಿಂಗಳುಗಳಲ್ಲಿ 10,000, ಉಳಿದ ತಿಂಗಳುಗಳಲ್ಲಿ 37,925ರಂತೆ ಕಟ್ಟಲು ಅನುಮತಿ ಕೋರುತ್ತೇನೆ. ಸಾಲದ ಕೊನೆಯ ದಿನಾಂಕ ಬದಲಾಗುವುದಿಲ್ಲ. ಮುಂದಿನ ಸೀಸನ್ನಿಗೆ ಈಗಾಗಲೇ ಬಂದಿರುವ ಬುಕಿಂಗ್‌ಗಳ ಪಟ್ಟಿಯನ್ನೂ ಇಟ್ಟಿದ್ದೇನೆ."

'ಸಾಧ್ಯವಾದಷ್ಟು ಕಡಿಮೆ ಮಾಡಿ' ಎಂಬ ಸಾಲು ಬೇಡ. ಎಷ್ಟು ಎಂದು ನೀವು ಹೇಳದಿದ್ದರೆ ಪತ್ರ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ, ಅಷ್ಟರಲ್ಲಿ ಇನ್ನೊಂದು ಗಡುವು ಕಳೆದಿರುತ್ತದೆ. ಬುಕಿಂಗ್ ಪಟ್ಟಿ ಮಾತ್ರ ಮರೆಯಬೇಡಿ. ದೊಡ್ಡ ಕಂತನ್ನು ಎಲ್ಲಿಂದ ತಂದು ಕಟ್ಟುತ್ತೀರಿ ಎಂಬುದಕ್ಕೆ ನಿಮ್ಮ ಬಳಿ ಇರುವ ಪುರಾವೆ ಅದೊಂದೇ.

ಕೊಟ್ಟ ಮೇಲೆ

ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಳ್ಳಿ. ಆಗಲೇ ಎರಡು ವಿಷಯ ಕೇಳಿಬಿಡಿ: ಸಾಲದ ಇತಿಹಾಸದ ವರದಿಯಲ್ಲಿ ಇದು 'ಮರುಹೊಂದಾಣಿಕೆ' ಎಂದು ದಾಖಲಾಗುತ್ತದೆಯೇ? ಜಾಮೀನುದಾರರ ಸಹಿ ಮತ್ತೆ ಬೇಕೇ? ದಾಖಲಾಗುವುದಾದರೆ ಮುಂದಿನ ಸಾಲಕ್ಕೆ ಅದು ಅಡ್ಡ ಬರಬಹುದು. ಕೊರತೆ ಒಂದೆರಡು ತಿಂಗಳದ್ದೇ ಆದರೆ ಉಳಿತಾಯ ಮುರಿದು ಕಂತು ಕಟ್ಟುವುದೇ ವಾಸಿ ಎಂದು ನನಗನ್ನಿಸುತ್ತದೆ.

'ಆಯ್ತು, ನೋಡೋಣ' ಎಂಬ ಬಾಯಿಮಾತು ನಂಬಿ ಕಂತು ನಿಲ್ಲಿಸಬೇಡಿ. ಹೊಸ ಕಂತುಪಟ್ಟಿ ಲಿಖಿತವಾಗಿ ಕೈಗೆ ಬರುವವರೆಗೆ ಹಳೆಯದೇ ಜಾರಿಯಲ್ಲಿರುತ್ತದೆ. ಪಟ್ಟಿ ಬಂದ ದಿನವೇ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಆದೇಶವೂ ಬದಲಾಗಿದೆಯೇ ವಿಚಾರಿಸಿ. ಪಟ್ಟಿಯಲ್ಲಿ 10,000 ಎಂದಿದ್ದು ಆದೇಶದಲ್ಲಿ ಹಳೆಯ 28,250 ಉಳಿದಿದ್ದರೆ, ಗಡುವಿನ ದಿನ ಬೆಳಿಗ್ಗೆ ಹಣ ಸಾಲದೆ ಕಡಿತ ವಿಫಲವಾಗುತ್ತದೆ, ದಂಡವೂ ಬೀಳುತ್ತದೆ.