ಬರೆದ ಖರ್ಚಿಗೂ ಕರಗಿದ ದುಡ್ಡಿಗೂ ತಾಳೆ ಹಾಕಿ ನೋಡಿದಾಗ

ಖರ್ಚು ಬರೆದಿಡುವುದು ಅಂಥ ಕಷ್ಟದ ಕೆಲಸವಲ್ಲ. ಬರೆದ ಲೆಕ್ಕ ಪೂರ್ತಿ ಇದೆಯಾ ಅಂತ ಪರೀಕ್ಷಿಸುವುದೇ ಕಷ್ಟ. ತುಂಬಾ ಜನ ತಿಂಗಳ ಕೊನೆಗೆ ಪಟ್ಟಿ ಕೂಡಿಸಿ, ಮೊತ್ತ ನೋಡಿ, ಅಲ್ಲಿಗೇ ಬಿಡುತ್ತಾರೆ. ಪಟ್ಟಿಗೆ ಬಾರದೇ ಹೋದ ಖರ್ಚು ಎಷ್ಟು ಸಲ ಕೂಡಿಸಿದರೂ ಸಿಗುವುದಿಲ್ಲ ಅಲ್ವಾ? ಅದಕ್ಕೇ ಒಂದು ತಿಂಗಳ ಲೆಕ್ಕ ಇಡಲು ಕೂತಾಗ ನಾನು ಎರಡು ಲೆಕ್ಕ ಇಟ್ಟೆ. ಒಂದು, ಖರ್ಚಾದ ಕೂಡಲೇ ಬರೆದದ್ದು. ಇನ್ನೊಂದು, ನನ್ನ ಹತ್ತಿರ ಇದ್ದ ದುಡ್ಡು ಒಟ್ಟು ಎಷ್ಟು ಕರಗಿತು ಅನ್ನುವುದು. ಎರಡಕ್ಕೂ ನಡುವೆ ಎಷ್ಟು ವ್ಯತ್ಯಾಸ ಬರುತ್ತದೋ ಅಲ್ಲೇ ಸೋರಿಕೆ ಇರುತ್ತದೆ.

ಸಂಬಳ ಬರುವ ಹಿಂದಿನ ರಾತ್ರಿ ಶುರು ಮಾಡಿದೆ. ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ, ಪರ್ಸಿನಲ್ಲಿ ಎಷ್ಟಿದೆ, ಫೋನಿನ ವಾಲೆಟ್ಟಿನಲ್ಲಿ ಎಷ್ಟಿದೆ, ಎಲ್ಲ ಬರೆದೆ. ಕ್ರೆಡಿಟ್ ಕಾರ್ಡಿನಲ್ಲಿ ಆಗಲೇ ಎಷ್ಟು ಬಾಕಿ ಇದೆ ಅಂತಲೂ ಬರೆದು, ಅದನ್ನು ಕಳೆದೆ. ಈ ಕೊನೆಯದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಬರೆಯುವುದಕ್ಕೆ ನಿಯಮ ಎರಡೇ. ಕಾರ್ಡಿನಲ್ಲಿ ಕೊಂಡದ್ದನ್ನು ಕೊಂಡ ದಿನವೇ ಬರೆಯಬೇಕು. ಬಿಲ್ ಕಟ್ಟಿದ ದಿನ ಮತ್ತೆ ಬರೆಯಬಾರದು, ಬರೆದರೆ ಒಂದೇ ಖರ್ಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಾಗೇ ಏಟಿಎಂನಿಂದ ತೆಗೆದ ನಗದು ಖರ್ಚಲ್ಲ. ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ದುಡ್ಡು, ಅಷ್ಟೇ. ಆ ನಗದು ಕೈಬಿಟ್ಟಾಗ ಬರೆಯಬೇಕು. ‘ಏಟಿಎಂ’ ಅಂತ ಒಂದು ಸಾಲು ಬರೆದು ಸುಮ್ನಾದರೆ, ಆ ನೋಟುಗಳು ಎಲ್ಲಿಗೆ ಹೋದವು ಅಂತ ಕೇಳುವ ಅವಕಾಶವೇ ಹೋಗಿಬಿಡುತ್ತದೆ.

ತಿಂಗಳು ಮುಗಿದಾಗ ಬಂದ ಲೆಕ್ಕ ಹೀಗಿದೆ. ಸಂಬಳವನ್ನು 100 ಭಾಗ ಅಂತ ಇಟ್ಟುಕೊಳ್ಳಿ, ನಿಮ್ಮ ಸಂಬಳಕ್ಕೆ ಹೋಲಿಸಿಕೊಳ್ಳಲು ಸುಲಭ. ಶುರುವಿನಲ್ಲಿ ಖಾತೆಯಲ್ಲಿ 14, ಕೈಯಲ್ಲಿ ಮತ್ತು ವಾಲೆಟ್ಟಿನಲ್ಲಿ 2, ಕಾರ್ಡಿನ ಬಾಕಿ 6. ಅಂದರೆ ನಿಜವಾಗಿ ನನ್ನದು ಅಂತ ಇದ್ದದ್ದು 10. ಕೊನೆಯಲ್ಲಿ ಖಾತೆಯಲ್ಲಿ 13, ಕೈಯಲ್ಲಿ 1, ಕಾರ್ಡಿನ ಬಾಕಿ 9. ನನ್ನದು ಅಂತ ಉಳಿದದ್ದು 5. ಇದ್ದ 10ಕ್ಕೆ ಸಂಬಳದ 100 ಸೇರಿಸಿ, ಉಳಿದ 5 ಕಳೆದರೆ ಖರ್ಚಾದದ್ದು 105.

ಇದನ್ನು ಇನ್ನೊಮ್ಮೆ ನೋಡಿ. ಖಾತೆಯ ಬ್ಯಾಲೆನ್ಸ್ ಮಾತ್ರ ನೋಡಿದ್ದರೆ 14 ಇದ್ದದ್ದು 13 ಆಗಿದೆ, ಪರವಾಗಿಲ್ಲ ಅನ್ನಿಸುತ್ತದೆ. ಸಂಬಳಕ್ಕಿಂತ ಜಾಸ್ತಿ ಖರ್ಚಾದದ್ದನ್ನು ಕಾರ್ಡಿನ ಬಾಕಿ ಮುಚ್ಚಿಟ್ಟಿತ್ತು. ತಿಂಗಳು ತಿಂಗಳು ಖಾತೆ ಒಂದೇ ಮಟ್ಟದಲ್ಲಿ ಇದ್ದು, ಬಿಲ್ ಮಾತ್ರ ಸ್ವಲ್ಪ ಸ್ವಲ್ಪ ಏರುತ್ತಿದ್ದರೆ ಅದೇ ಗುರುತು.

ನಾನು ಬರೆದ ಪಟ್ಟಿಯ ಮೊತ್ತ 96. ಕರಗಿದ್ದು 105. ನಡುವಿನ 9 ಭಾಗ ಎಲ್ಲಿ ಹೋಯಿತು ಅಂತ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಒಂದೊಂದೇ ಸಾಲಿಗೆ ಪಟ್ಟಿಯಲ್ಲಿ ಟಿಕ್ ಹಾಕುತ್ತಾ ಹೋದೆ. ಟಿಕ್ ಸಿಗದೇ ಉಳಿದ ಸಾಲುಗಳಲ್ಲಿ ದೊಡ್ಡ ಪಾಲು, 4 ಭಾಗ, ತಾನಾಗಿ ಕಡಿತವಾಗುವ ಚಂದಾಗಳದ್ದು. ನಾನು ಏನನ್ನೂ ಒತ್ತಲಿಲ್ಲ, ಎಲ್ಲಿಗೂ ಹೋಗಲಿಲ್ಲ, ಹಾಗಾಗಿ ಬರೆಯುವ ನೆನಪೂ ಬರಲಿಲ್ಲ. ಅದರಲ್ಲಿ ಒಂದು ವರ್ಷಕ್ಕೊಮ್ಮೆ ನವೀಕರಣವಾಗುವಂಥದ್ದು. ಆ ಆ್ಯಪ್ ನನ್ನ ಫೋನಿನಲ್ಲಿ ಇರಲೇ ಇಲ್ಲ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ಚಂದಾ ಎಲ್ಲಿ ಶುರುವಾಯಿತೋ ಅಲ್ಲೇ ಹೋಗಿ ರದ್ದು ಮಾಡಬೇಕು. ಆಮೇಲೆ ಬ್ಯಾಂಕಿನಲ್ಲಿ ತಾನಾಗಿ ಕಡಿತ ಮಾಡಲು ಕೊಟ್ಟ ಒಪ್ಪಿಗೆ ಇನ್ನೂ ಚಾಲ್ತಿಯಲ್ಲಿದೆಯಾ ಅಂತಲೂ ನೋಡಬೇಕು.

ಇನ್ನು 2 ಭಾಗ ಕಾರ್ಡಿನ ಬಡ್ಡಿ ಮತ್ತು ಅದರ ಮೇಲಿನ ಶುಲ್ಕ. ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟದೆ ಸ್ವಲ್ಪ ಉಳಿಸಿಕೊಂಡಿದ್ದೆ. ಹಾಗೆ ಉಳಿಸಿದರೆ ಬಡ್ಡಿ ಆ ಉಳಿಕೆಗೆ ಮಾತ್ರ ಬೀಳುತ್ತದೆ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ಅವಧಿ ಸಿಗದೆ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ‘ಕನಿಷ್ಠ ಮೊತ್ತ’ ಕಟ್ಟಿದರೆ ತಡ ಶುಲ್ಕ ತಪ್ಪಬಹುದು, ಬಡ್ಡಿ ತಪ್ಪುವುದಿಲ್ಲ. ನಾನು ಮೊದಲು ಸರಿ ಮಾಡಿದ್ದೇ ಇದನ್ನು. ಆಟೋ ಪೇಯಲ್ಲಿ ‘ಪೂರ್ತಿ ಮೊತ್ತ’ ಆರಿಸಿದೆ.

ಮತ್ತೆ 2 ಭಾಗ ನಗದಿನದ್ದು. ಚಿಲ್ಲರೆಯಾಗಿ ಕೊಟ್ಟು ಬರೆಯದೆ ಬಿಟ್ಟದ್ದು. ಉಳಿದ 1 ಭಾಗ ಎಷ್ಟು ಹುಡುಕಿದರೂ ಸಿಗಲಿಲ್ಲ. ಪಟ್ಟಿಯಲ್ಲಿ ‘ಗೊತ್ತಿಲ್ಲ’ ಅಂತಲೇ ಬರೆದೆ. ಅದನ್ನು ‘ಇತರೆ’ಗೆ ತಳ್ಳಬೇಡಿ. ಇತರೆ ಅಂತ ಒಂದು ಕಾಲಂ ಇದ್ದರೆ ಎಲ್ಲ ಸೋರಿಕೆಯೂ ಅಲ್ಲಿಗೇ ಹೋಗಿ ಸೇರುತ್ತದೆ, ಮೊತ್ತ ಮಾತ್ರ ಚೆನ್ನಾಗಿ ತಾಳೆಯಾಗುತ್ತದೆ.

ಇಷ್ಟು ಪಟ್ಟಿಗೆ ಬಾರದ ಸೋರಿಕೆಯ ಮಾತಾಯಿತು. ಪಟ್ಟಿಯಲ್ಲಿ ಇದ್ದೂ ಕಾಣದೇ ಇರುವುದು ಇನ್ನೊಂದು ಥರ, ನನ್ನ ಮಟ್ಟಿಗೆ ಅದೇ ದೊಡ್ಡದು. ಪ್ರಯಾಣ, ದಿನಸಿ, ಬಟ್ಟೆ ಅಂತ ವಸ್ತುವಿನ ಹೆಸರಿನಲ್ಲಿ ವಿಂಗಡಿಸಿದರೆ ಎಲ್ಲವೂ ಬೇಕಾದದ್ದೇ ಅನ್ನಿಸುತ್ತದೆ. ದಿನಸಿ ಬೇಡ ಅನ್ನಲು ಆಗುತ್ತದಾ? ಅದಕ್ಕೆ ಪ್ರತಿ ಸಾಲಿನ ಪಕ್ಕ ‘ಯಾಕೆ’ ಅಂತ ಒಂದು ಕಾಲಂ ಮಾಡಿದೆ. ಬರೆಯುತ್ತಿದ್ದದ್ದು ಒಂದೆರಡು ಪದ ಮಾತ್ರ: ಬೇಕಿತ್ತು, ಅವಸರ, ಸುಸ್ತು, ಮರೆತಿದ್ದೆ, ರಿಯಾಯಿತಿ ಇತ್ತು. ಮನೆಗೆ ತರಿಸಿದ ವಸ್ತುವಿನ ಬೆಲೆ ಒಂದು ಸಾಲು, ತಂದುಕೊಟ್ಟ ಶುಲ್ಕ ಬೇರೆ ಸಾಲು. ಈ ಒಂದು ಬದಲಾವಣೆಯಿಂದ ಚಿತ್ರವೇ ಬೇರೆಯಾಯಿತು.

ಕಾರಣದ ಪ್ರಕಾರ ಕೂಡಿಸಿದಾಗ ‘ಅವಸರ’ ಮತ್ತು ‘ಸುಸ್ತು’ ಎರಡೇ ಸೇರಿ 8 ಭಾಗ. ಅದರಲ್ಲಿ ವಸ್ತುಗಳ ಬೆಲೆಗಿಂತ ಶುಲ್ಕಗಳು ಮತ್ತು ಕೊನೇ ಗಳಿಗೆಯ ಪ್ರಯಾಣದ ಖರ್ಚೇ ಜಾಸ್ತಿ. ಒಂದೊಂದಾಗಿ ನೋಡಿದರೆ ಯಾವುದೂ ಸಂಬಳದ 100 ಭಾಗಗಳಲ್ಲಿ ಒಂದರ ಅರ್ಧಕ್ಕಿಂತ ಹೆಚ್ಚಿಲ್ಲ. ಹೆಚ್ಚಿನವು ಬಿದ್ದದ್ದು ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ. ಹಾಗಾದರೆ ‘ಕಡಿಮೆ ಖರ್ಚು ಮಾಡು’ ಅಂತ ನನಗೆ ನಾನೇ ಹೇಳಿಕೊಂಡು ಪ್ರಯೋಜನವಿಲ್ಲ. ಸುಸ್ತಾದಾಗ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ವಾರಕ್ಕೆ ಬೇಕಾದ್ದನ್ನು ರಜೆಯ ಬೆಳಗ್ಗೆ ಒಂದೇ ಸಲ ತರುವುದು ಅಂತ ಮಾಡಿಕೊಂಡೆ. ಕೊಳ್ಳುವುದು ಅಷ್ಟೇ, ಕೊಳ್ಳುವ ಹೊತ್ತು ಮಾತ್ರ ಬೇರೆ.

ಸಣ್ಣ ಖರ್ಚೆಲ್ಲ ಸೋರಿಕೆ ಅಂತ ತಿಳಿಯಬೇಡಿ. ಖುಷಿ ಕೊಟ್ಟ ಖರ್ಚನ್ನು ಕಿತ್ತುಹಾಕಿದರೆ ಲೆಕ್ಕ ಬರೆಯುವುದೂ ಬೇಗ ನಿಂತುಹೋಗುತ್ತದೆ. ಒಂದು ವಾರ ಕಳೆದ ಮೇಲೆ ಪಟ್ಟಿ ತೆಗೆದು, ಇದನ್ನು ಮತ್ತೆ ಮಾಡುತ್ತೀನಾ ಅಂತ ಕೇಳಿಕೊಂಡೆ. ಹೌದು ಅನ್ನಿಸಿದ್ದಕ್ಕೆ ಕೈ ಹಚ್ಚಲಿಲ್ಲ. ನೆನಪೇ ಇಲ್ಲದ ಸಾಲುಗಳಿಗೆ ಮಾತ್ರ ಗುರುತು ಹಾಕಿದೆ.

ಒಂದು ತಿಂಗಳ ಲೆಕ್ಕಕ್ಕೆ ಅದರದ್ದೇ ಮಿತಿಯೂ ಇದೆ. ಬರೆಯುತ್ತಿದ್ದೇನೆ ಅನ್ನುವ ಎಚ್ಚರದಿಂದಲೇ ಆ ತಿಂಗಳು ಖರ್ಚು ತುಸು ತಗ್ಗಿರುತ್ತದೆ. ಅದಕ್ಕೆ ಹಿಂದಿನ ಕೆಲವು ತಿಂಗಳ ಸ್ಟೇಟ್‌ಮೆಂಟ್ ತೆಗೆದು ಒಟ್ಟು ಮೊತ್ತ ಹೋಲಿಸಬೇಕು. ವಿಮೆಯ ಕಂತು, ದುರಸ್ತಿ, ಶಾಲೆಯ ಶುಲ್ಕ ಇಂಥವು ಆ ತಿಂಗಳು ಬರದೇ ಇರಬಹುದು. ಒಂದು ವರ್ಷದ ಸ್ಟೇಟ್‌ಮೆಂಟಿನಿಂದ ಅವನ್ನು ಹೆಕ್ಕಿ, ಕೂಡಿಸಿ, 12ರಿಂದ ಭಾಗಿಸಿದೆ. ಬಂದ ಮೊತ್ತವನ್ನು ಈಗ ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುತ್ತೇನೆ. ಅದೂ ಖರ್ಚಲ್ಲ, ವರ್ಗಾವಣೆ. ಆದ್ದರಿಂದ ತಿಂಗಳ ಕೊನೆಗೆ ತಾಳೆ ಹಾಕುವಾಗ ಆ ಖಾತೆಯ ಬ್ಯಾಲೆನ್ಸನ್ನೂ ಸೇರಿಸಿಕೊಳ್ಳುತ್ತೇನೆ.