ಕರಮಾತ ಅಸಮತೆ: ಫಂಕ್ಷನ್ ಮುಟ್ಟುವ ಮೊದಲು ನಾನು ಹಾಕುವ ಲೆಕ್ಕ

(6, 3, 3) ಮತ್ತು (5, 5, 2). ಎರಡರ ಮೊತ್ತವೂ 12. ಮೊದಲನೆಯದರಲ್ಲಿ 6 ಇರುವುದರಿಂದ ಅದೇ ಹೆಚ್ಚು ಹರಡಿದೆ, ಯಾವ ಕಾನ್ವೆಕ್ಸ್ ಫಂಕ್ಷನ್ ಹಾಕಿದರೂ ಅದರ ಮೊತ್ತವೇ ದೊಡ್ಡದು ಅನ್ನಿಸುತ್ತದೆ. ಹಾಕಿ ನೋಡಿ. ಘನಗಳ ಮೊತ್ತ 270 ಮತ್ತು 258, ಮೊದಲನೆಯದು ದೊಡ್ಡದು. ವರ್ಗಗಳ ಮೊತ್ತ ಎರಡರಲ್ಲೂ 54. 1/x ಹಾಕಿದರೆ ಸುಮಾರು 0.83 ಮತ್ತು 0.9, ಈಗ ಎರಡನೆಯದು ದೊಡ್ಡದು. ಧನ ಸಂಖ್ಯೆಗಳ ಮೇಲೆ ಮೂರೂ ಕಾನ್ವೆಕ್ಸ್ ಫಂಕ್ಷನ್‌ಗಳೇ.

ಹಾಗಾಗಿ ಫಂಕ್ಷನ್ ಕಡೆ ನೋಡುವ ಮೊದಲು ನಾನು ಎರಡೂ ಪಟ್ಟಿಗಳನ್ನು ಇಳಿಕೆ ಕ್ರಮದಲ್ಲಿ ಒಂದರ ಕೆಳಗೊಂದು ಬರೆದು, ಎಡದಿಂದ ಕೂಡುತ್ತಾ ಹೋದ ಮೊತ್ತಗಳನ್ನು ಪಕ್ಕದಲ್ಲಿ ಬರೆಯುತ್ತೇನೆ. ಇಲ್ಲಿ ಒಂದು 6, 9, 12. ಇನ್ನೊಂದು 5, 10, 12. ಮೊದಲ ಹೆಜ್ಜೆಯಲ್ಲಿ 6 ಮುಂದೆ, ಎರಡನೆಯದರಲ್ಲಿ 9 ಹಿಂದೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಪಟ್ಟಿ ಮುಂದಿರಬೇಕು (ಸಮವಾದರೂ ಸರಿ), ಕೊನೆಯ ಮೊತ್ತ ಮಾತ್ರ ಸರಿಸಮ ಇರಬೇಕು. ಆಗ ಮಾತ್ರ, ಯಾವ ಕಾನ್ವೆಕ್ಸ್ ಫಂಕ್ಷನ್ ಹಾಕಿದರೂ ಆ ಪಟ್ಟಿಯ ಮೊತ್ತ ಇನ್ನೊಂದಕ್ಕಿಂತ ಕಡಿಮೆಯಾಗುವುದಿಲ್ಲ ಎನ್ನಬಹುದು. ಕರಮಾತ ಅಸಮತೆ ಕೊಡುವ ಭರವಸೆ ಇದೇ.

ಈ ಷರತ್ತು ಮುರಿದರೆ ತೀರ್ಮಾನವನ್ನು ಕೆಡಿಸುವ ಕಾನ್ವೆಕ್ಸ್ ಫಂಕ್ಷನ್ ಒಂದು ಇದ್ದೇ ಇರುತ್ತದೆ. ಅದನ್ನು ಹುಡುಕಲು ನಾನು max(x − t, 0) ಬಳಸುತ್ತೇನೆ. t = 5 ಇಟ್ಟರೆ ಮೊತ್ತ 1 ಮತ್ತು 0; t = 3 ಇಟ್ಟರೆ 3 ಮತ್ತು 4. ದಿಕ್ಕು ತಿರುಗಿತು, ಅಂದರೆ ಈ ಎರಡು ಪಟ್ಟಿಗಳನ್ನು ಹೋಲಿಸಲಾಗದು.

ಈಗ ಕೆಲಸಕ್ಕೆ ಬರುವ ಲೆಕ್ಕ. ಲಘುಕೋನ ತ್ರಿಭುಜದಲ್ಲಿ sin A + sin B + sin C > 2 ಎಂದು ತೋರಿಸಬೇಕು. A ≥ B ≥ C ಇರಲಿ. ಪಕ್ಕದಲ್ಲಿ (90°, 90°, 0°) ಇಡಿ. A < 90°; A + B = 180° − C < 180°; ಒಟ್ಟು ಎರಡೂ ಕಡೆ 180°. ಪ್ರತಿ ಹೆಜ್ಜೆಯಲ್ಲೂ (90°, 90°, 0°) ಮುಂದಿದೆ. 0° ಇಂದ 180° ವರೆಗೆ sin ಕಾನ್ಕೇವ್ ಆದ್ದರಿಂದ ದಿಕ್ಕು ತಿರುಗುತ್ತದೆ: ಹರಡಿದ ಪಟ್ಟಿಯ ಮೊತ್ತ 1 + 1 + 0 = 2 ಚಿಕ್ಕದು, ತ್ರಿಭುಜದ ಮೊತ್ತ ದೊಡ್ಡದು.

‘ಲಘುಕೋನ’ ಎಂಬ ಮಾತನ್ನು ಬಿಟ್ಟು ನೋಡಿ. ಕೋನಗಳು 120°, 30°, 30° ಆದರೆ sin ಮೊತ್ತ ಸುಮಾರು 1.866, ಎರಡಕ್ಕಿಂತ ಕಡಿಮೆ. ತಪ್ಪು sin ಕಡೆ ಇದೆಯೆಂದು ಹುಡುಕುವವರು ಬಹಳ, ಆದರೆ ಆ ಅಂತರದಲ್ಲಿ sin ಈಗಲೂ ಕಾನ್ಕೇವ್ ಆಗಿಯೇ ಇದೆ. ಮೊದಲ ಹೆಜ್ಜೆಯಲ್ಲಿ 120 > 90, ಎರಡನೆಯದರಲ್ಲಿ 150 < 180. ಕೆಟ್ಟಿದ್ದು ಪಟ್ಟಿಗಳ ಹೋಲಿಕೆ.