ಧಾರೆ ಮುಗಿಯುವವರೆಗೆ ಮಕ್ಕಳನ್ನು ಕೂರಿಸುವ ಕರ್ಚೀಫು

ಮದುವೆಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಹೆಚ್ಚಿನವರು ಮಾಡುವ ತಪ್ಪು ಒಂದೇ. ಒಬ್ಬೊಬ್ಬರಿಗೆ ಒಂದೊಂದು ಆಟದ ಸಾಮಾನು ಕೊಡುತ್ತಾರೆ. ನಾಲ್ಕು ವರ್ಷದವನಿಗೆ ಏಳು ವರ್ಷದವಳ ಕೈಯಲ್ಲಿರುವುದೇ ಬೇಕು, ಹನ್ನೆರಡರವನಿಗೆ ಯಾವುದೂ ಬೇಡ. ಕನ್ಯಾದಾನದ ಮಂತ್ರ ಶುರುವಾಗುವಷ್ಟರಲ್ಲಿ ಜಗಳ. ಮೊಬೈಲ್ ಕೊಟ್ಟರೆ ಇನ್ನೂ ಕಷ್ಟ, ಸುತ್ತಮುತ್ತಲ ಹತ್ತು ಮಕ್ಕಳು ಬಂದು ಮೈಮೇಲೆ ಬೀಳುತ್ತವೆ. ಬೇಕಿರುವುದು ಒಂದೇ ಆಟ. ಅದರಲ್ಲಿ ಮೂರು ವಯಸ್ಸಿಗೂ ಬೇರೆ ಬೇರೆ ಕೆಲಸ ಇರಬೇಕು.

ನನ್ನ ಆಯ್ಕೆ ಹುಲಿ-ಕುರಿ ಆಟ. ಹಂಪಿಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂಥ ಆಟದ ಮನೆಗಳನ್ನು ಕೆತ್ತಿರುವುದನ್ನು ನೀವೂ ನೋಡಿರಬಹುದು. ಚೌಕಾಬಾರ ಒಳ್ಳೆಯದೇ, ಆದರೆ ಕವಡೆ ಸದ್ದು ಮಾಡುತ್ತದೆ, ಗರ ಬಿದ್ದಾಗ ಮಕ್ಕಳು ಕೂಗುತ್ತವೆ. ಹುಲಿ-ಕುರಿಯಲ್ಲಿ ಎಸೆಯುವುದೇ ಇಲ್ಲ.

1. ಸಾಮಾನು

ಗಂಡಸರ ಬಿಳಿ ಹತ್ತಿ ಕರ್ಚೀಫು, ಸುಮಾರು 40 ಸೆಂಟಿಮೀಟರ್ ಚೌಕದ್ದು. ಹದಿನೈದು ಹುಣಸೆಬೀಜ, ಮೂರು ಗುಂಡಿ. ಹಾಕಿಕೊಳ್ಳಲು ಬಟ್ಟೆಯ ಚೀಲ. ಚಿಕ್ಕವನಿಗಾಗಿ ಇನ್ನೊಂದು ಕರ್ಚೀಫು. ಅಷ್ಟೇ.

ಬಣ್ಣ ಚೆನ್ನಾಗಿದೆ ಅಂತ ಗುಲಗಂಜಿ ಮಾತ್ರ ಬಳಸಬೇಡಿ, ಅಗಿದರೆ ವಿಷ. ಆಯಸ್ಕಾಂತದ ಚಿಕ್ಕ ಚಿಕ್ಕ ಕಾಯಿಗಳಿರುವ ಅಗ್ಗದ ಪ್ರಯಾಣದ ಬೋರ್ಡುಗಳೂ ಬೇಡ. ಕಾಯಿ ಒಡೆದು ಆಯಸ್ಕಾಂತ ಹೊರಬಂದು, ಮಗು ಎರಡನ್ನು ನುಂಗಿದರೆ ಅವು ಕರುಳಿನೊಳಗೆ ಒಂದಕ್ಕೊಂದು ಅಂಟಿ ಆಪರೇಷನ್‌ವರೆಗೂ ಹೋಗಬಹುದು. ಬೀಜ, ಗುಂಡಿಗಳೂ ಗಂಟಲಿಗೆ ಸಿಕ್ಕುವಂಥವೇ. ಹಾಗಾಗಿ ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿದ್ದರೆ ಅದು ನಿಮ್ಮ ಮಡಿಲಲ್ಲಿರಲಿ, ಈ ಆಟದ ಹತ್ತಿರ ಬೇಡ. ಸ್ಕೆಚ್ ಪೆನ್ನು, ಸ್ಲೈಮ್ ಮನೆಯಲ್ಲೇ ಇರಲಿ. ಪಕ್ಕದಲ್ಲಿ ಕೂತವರು ರೇಷ್ಮೆ ಸೀರೆ ಉಟ್ಟಿರುತ್ತಾರೆ, ಅಲ್ವಾ?

2. ಮನೆ ಬರೆಯುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಹೊಸ ಕರ್ಚೀಫನ್ನು ಮೊದಲು ಒಗೆದು ಇಸ್ತ್ರಿ ಮಾಡಿ. ಗಂಜಿ ಹೋಗದಿದ್ದರೆ ಗೆರೆ ಸರಿಯಾಗಿ ಹಿಡಿಯುವುದಿಲ್ಲ. ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಬಟ್ಟೆಗೆ ಬರೆಯುವ ಮಾರ್ಕರ್‌ನಲ್ಲಿ ತಿದ್ದಿ. ಬಾಲ್‌ಪೆನ್ ಹರಡುತ್ತದೆ. ಕೈಯಲ್ಲಿ ಸೂಜಿ ಹಿಡಿಯುವ ಅಭ್ಯಾಸವಿದ್ದರೆ ದಪ್ಪ ದಾರದಲ್ಲಿ ಹೊಲಿದುಬಿಡಿ. ನನಗೆ ಅದೇ ಇಷ್ಟ, ಎಷ್ಟು ಒಗೆದರೂ ಹೋಗುವುದಿಲ್ಲ.

ಮೇಲಂಚಿನಿಂದ ಮೂರು ಸೆಂಟಿಮೀಟರ್ ಕೆಳಗೆ, ನಟ್ಟನಡುವೆ ಒಂದು ಚುಕ್ಕಿ ಇಡಿ. ಇದು ತುದಿ. ಅದರಿಂದ 33 ಸೆಂಟಿಮೀಟರ್ ಕೆಳಗೆ ಒಂದು ಅಡ್ಡಗೆರೆ ಎಳೆದು, ಅದರ ಮೇಲೆ ಒಂಬತ್ತು ಒಂಬತ್ತು ಸೆಂಟಿಮೀಟರ್ ಅಂತರದಲ್ಲಿ ನಾಲ್ಕು ಚುಕ್ಕಿ ಇಡಿ. ಇದು ತಳ. ತುದಿಯ ಚುಕ್ಕಿಯಿಂದ ಈ ನಾಲ್ಕಕ್ಕೂ ಗೆರೆ ಎಳೆಯಿರಿ. ಗೋಪುರದಂತೆ ಕಾಣಿಸುತ್ತದೆ.

ಈಗ ನಡುವೆ ಮೂರು ಅಡ್ಡಗೆರೆ. ಮೊದಲನೆಯದು ತುದಿಯಿಂದ 12 ಸೆಂಟಿಮೀಟರ್ ಕೆಳಗೆ. ಅದಕ್ಕಿಂತ ಮೇಲೆ ಎಳೆದರೆ ನಾಲ್ಕು ಗೆರೆಗಳು ಒತ್ತಾಗಿ ಬಂದು, ಬೀಜಗಳು ಒಂದರ ಮೇಲೊಂದು ಕೂರುತ್ತವೆ. ಎರಡನೆಯದು ಅದಕ್ಕಿಂತ ಏಳು ಸೆಂಟಿಮೀಟರ್ ಕೆಳಗೆ, ಮೂರನೆಯದು ಇನ್ನೂ ಏಳು ಕೆಳಗೆ. ಈ ಮೂರೂ ಗೆರೆಗಳು ಗೋಪುರದ ಅಂಚಿನಲ್ಲಿ ನಿಲ್ಲಬಾರದು. ಎರಡೂ ಕಡೆ ಹೊರಗೆ ಬಂದು, ಕರ್ಚೀಫಿನ ಅಂಚಿಗೆ ಮೂರು ಸೆಂಟಿಮೀಟರ್ ಇರುವವರೆಗೆ ಹೋಗಬೇಕು. ಹೊರಗೆ ಬಂದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೆಟ್ಟಗಿನ ಗೆರೆಯಿಂದ ಸೇರಿಸಿ.

ಗೆರೆ ಕೂಡುವ ಜಾಗಗಳನ್ನು ಎಣಿಸಿ. ತುದಿ ಒಂದು, ನಡುವಿನ ಮೂರು ಸಾಲಿನಲ್ಲಿ ಆರಾರು, ತಳದಲ್ಲಿ ನಾಲ್ಕು. ಒಟ್ಟು 23 ಬರಬೇಕು. 17 ಬಂದರೆ ಅಡ್ಡಗೆರೆಗಳನ್ನು ಗೋಪುರದೊಳಗೇ ನಿಲ್ಲಿಸಿದ್ದೀರಿ ಎಂದರ್ಥ. ಅದರಲ್ಲಿ ಆಡಲು ಹೋದರೆ ಮೂರು ಹುಲಿ, ಹದಿನೈದು ಕುರಿ ಸೇರಿ 18 ಕಾಯಿಗೆ ಜಾಗವೇ ಸಾಲುವುದಿಲ್ಲ. ಮಕ್ಕಳು ಅರ್ಧ ಆಟದಲ್ಲಿ "ಇದು ಸರಿಯಿಲ್ಲ" ಅಂತ ಎದ್ದು ಹೋಗುತ್ತವೆ.

3. ನಿಯಮ

ಗುಂಡಿಗಳು ಹುಲಿ. ಒಂದು ತುದಿಯಲ್ಲಿ, ಎರಡು ಮೊದಲ ಅಡ್ಡಗೆರೆಯ ಒಳಗಿನ ಎರಡು ಜಾಗದಲ್ಲಿ. ಕುರಿಯವರು ಸರದಿಗೆ ಒಂದು ಬೀಜ ಇಡಬೇಕು, ಹುಲಿಯವರು ಒಂದು ಹುಲಿಯನ್ನು ಒಂದು ಹೆಜ್ಜೆ ನಡೆಸಬೇಕು. ಪಕ್ಕದ ಕುರಿಯ ಆಚೆ, ಅದೇ ನೇರ ಗೆರೆಯಲ್ಲಿ ಜಾಗ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಹದಿನೈದೂ ಇಟ್ಟು ಮುಗಿಯುವವರೆಗೆ ಕುರಿಗಳು ನಡೆಯುವಂತಿಲ್ಲ. ಮೂರೂ ಹುಲಿ ಅಲ್ಲಾಡದಂತೆ ಕಟ್ಟಿಹಾಕಿದರೆ ಕುರಿಗೆ ಗೆಲುವು. ಐದು ಕುರಿ ತಿಂದರೆ ಹುಲಿಗೆ ಗೆಲುವು. ಮನೆಮನೆಗೂ ಲೆಕ್ಕ ಬೇರೆ, ಆದರೆ ಮಂಟಪದಲ್ಲಿ ಐದೇ ಇರಲಿ. ಆಟ ಎಳೆದರೆ ಮಕ್ಕಳು ಏಳುತ್ತವೆ. ನಿಯಮವನ್ನು ಮನೆಯಲ್ಲೇ ಹೇಳಿಕೊಟ್ಟಿರಿ.

4. ಯಾರಿಗೆ ಏನು

ಹುಲಿ ಏಳು ವರ್ಷದವಳಿಗೆ. ಹಾರಿ ತಿನ್ನುವುದು ಅವಳಿಗೆ ಬೇಗ ಅರ್ಥವಾಗುತ್ತದೆ. ಕುರಿ ಹನ್ನೆರಡರವನಿಗೆ, ಯೋಚನೆ ಜಾಸ್ತಿ ಬೇಕಿರುವುದು ಅಲ್ಲೇ. ಸುಮ್ನೆ ಸೋತು ಮುಖ ಊದಿಸಿಕೊಂಡರೆ ಕಿವಿಯಲ್ಲಿ ಒಂದು ಗುಟ್ಟು ಹೇಳಿ: ಪಕ್ಕದ ನೆಟ್ಟಗೆರೆಗಳ ಮೇಲಿನ ಮತ್ತು ಕೆಳಗಿನ ತುದಿಗಳು, ತಳದ ಎರಡು ಮೂಲೆಗಳು, ಈ ಆರು ಜಾಗದಲ್ಲಿ ಕೂತ ಕುರಿಯನ್ನು ಹುಲಿ ತಿನ್ನಲಾರದು, ಆಚೆ ಗೆರೆಯೇ ಇಲ್ಲ. ಮೊದಲ ಆರು ಕುರಿ ಅಲ್ಲಿಗೆ.

ನಾಲ್ಕು ವರ್ಷದವನು ಕುರುಬ. ಬೀಜದ ಚೀಲ ಅವನ ಕೈಯಲ್ಲಿ. ಅವನು ಕೊಡದೆ ಕುರಿ ಇಡುವಂತಿಲ್ಲ, ಸತ್ತ ಕುರಿಗಳೂ ವಾಪಸ್ ಅವನ ಚೀಲಕ್ಕೆ. ಹದಿನೈದನೇ ಬೀಜ ಕೊಟ್ಟ ಕ್ಷಣ ಅವನಿಗೆ ಕೆಲಸ ಮುಗಿಯಿತು, ಮುಂದಿನ ನಿಮಿಷದಲ್ಲಿ ಅವನ ಕೈ ಹುಲಿಯ ಮೇಲೆ! ಅದಕ್ಕೇ ಹದಿನಾಲ್ಕನೆಯದಕ್ಕೇ ಎರಡನೇ ಕರ್ಚೀಫಿನಲ್ಲಿ ಇಲಿ ಮಾಡಿ ಅವನ ಮಡಿಲಿಗೆ ಇಡಿ. ಇಲಿ ಮಾಡಲು ಬರದಿದ್ದರೆ ಗಂಟು ಹಾಕಿ ಕೊಡಿ, ಬಿಚ್ಚುತ್ತಾ ಕೂರುತ್ತಾನೆ. ದಾರದ ಆಟ ದೊಡ್ಡವರಿಗೆ ಸರಿ, ಇವನಿಗೆ ಬೇಡ. ದಾರ ಕುತ್ತಿಗೆಗೆ ಹೋಗುತ್ತದೆ.

5. ಯಾವಾಗ ಬಿಚ್ಚಬೇಕು

ಕಾಶಿಯಾತ್ರೆಗೆ, ಜೀರಿಗೆ-ಬೆಲ್ಲಕ್ಕೆ ಚೀಲ ತೆಗೆಯಬೇಡಿ. ಅವನ್ನು ಮಕ್ಕಳು ತಾವೇ ನೋಡುತ್ತವೆ. ಮಂತ್ರ ಉದ್ದವಾದಾಗ ತೆಗೆಯಿರಿ. ಪುರೋಹಿತರು ಅಕ್ಷತೆ ಹಂಚಿಸಲು ಶುರು ಮಾಡಿದ ಕೂಡಲೇ ಆಟ ನಿಲ್ಲಿಸಿ. ಕರ್ಚೀಫಿನ ನಾಲ್ಕು ಮೂಲೆ ಹಿಡಿದು ಕಾಯಿಗಳ ಸಮೇತ ಗಂಟು ಕಟ್ಟಿದರೆ ಆಯಿತು. ಗಟ್ಟಿಮೇಳದ ಹೊತ್ತಿಗೆ ಬೀಜ ಹುಡುಕುತ್ತಾ ಕೂತರೆ ಅಕ್ಷತೆ ಹಾಕುವುದು ತಪ್ಪಿಹೋಗುತ್ತದೆ. ಎರಡನೇ ಆಟ ಹೋಮದ ಹೊತ್ತಿಗೆ.

ದೇವಸ್ಥಾನದಲ್ಲಾದರೆ ಪ್ರದಕ್ಷಿಣೆಯ ದಾರಿ ಬಿಟ್ಟು, ಗೋಡೆಗೆ ಒರಗಿ ಹಾಸಿ. ಸತ್ಯನಾರಾಯಣ ಕಥೆಯಲ್ಲಿ ಐದು ಅಧ್ಯಾಯ. ಮಂಗಳಾರತಿಗೆ ಏಳಬೇಕಾಗುವುದರಿಂದ ನಾಲ್ಕನೆಯದು ಮುಗಿದ ಮೇಲೆ ಹೊಸ ಆಟ ಶುರು ಮಾಡಲು ಬಿಡಬೇಡಿ. ಗೆಲ್ಲುತ್ತಿರುವ ಮಗುವನ್ನು ನಡುವೆ ಎಬ್ಬಿಸಿದರೆ ಗಂಟೆ ಸದ್ದಿಗಿಂತ ಜೋರಾಗಿ ಅಳುತ್ತದೆ.